ಭಾವನ ಬಾಡಿಗೆ ಏಣಿ

ನಮ್ಮ ಭಾವ, ಎಂದರೆ ನನ್ನ ಅಕ್ಕನ ಗಂಡ, ಈವರೆಗೆ ಒಂದೇ ಒಂದು ಸ್ವಂತ ವ್ಯಾಪಾರ ಮಾಡಿದವರಲ್ಲ. ಆದರೆ ‘ಇನ್ನೇನು ಶುರು ಮಾಡ್ತೀನಿ’ ಎಂದು ಅವರು ಹೇಳಿದ ವ್ಯಾಪಾರಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಒಂದು ಪೇಟೆಯೇ ಆಗುತ್ತದೆ. ಬಂಧುಗಳೆಲ್ಲ ಅವರನ್ನು ಐಡಿಯಾ ಭಾವ ಎಂದೇ ಕರೆಯುವುದು. ಹೀಗೆ ಕರೆದರೆ ಅವರಿಗೆ ಬೇಸರವಿಲ್ಲ. ಹೊಗಳುತ್ತಿದ್ದಾರೆ ಎಂದುಕೊಂಡು ಶರ್ಟಿನ ಕಾಲರು ಸರಿಮಾಡಿಕೊಳ್ಳುತ್ತಾರೆ.

ಅವರ ಮದುವೆಯ ಫೋಟೋಗಳಲ್ಲಿ ಭಾವ ಕ್ಯಾಮೆರಾ ನೋಡುತ್ತಿರುವುದು ಒಂದೂ ಇಲ್ಲ. ಬಾಡಿಗೆ ಕುರ್ಚಿಯವನ ಹತ್ತಿರ ಮಾತಿಗಿಳಿದಿದ್ದರು. ಮದುಮಗ ಎಲ್ಲಿ ಎಂದು ಹುಡುಕಿದರೆ ಕುರ್ಚಿಗಳ ಗುಡ್ಡೆಯ ಹಿಂದೆ ನಿಂತು, ಈ ಕುರ್ಚಿಗೆ ಸಣ್ಣ ಫ್ಯಾನು ಕೂರಿಸಿದರೆ ಹೇಗೆ ಎಂದು ವಿಚಾರಿಸುತ್ತಿದ್ದರು. ನಾನಾಗ ಹೈಸ್ಕೂಲಿನ ಹುಡುಗಿ. ಎಂಥಾ ಬುದ್ಧಿವಂತ ಸಿಕ್ಕಿದ ನಮ್ಮಕ್ಕನಿಗೆ ಎಂದುಕೊಂಡಿದ್ದೆ. ಅಕ್ಕ ಆಗಲೇ ಸ್ವಲ್ಪ ದಣಿದ ಮುಖ ಮಾಡಿದ್ದಳು.

ಆಮೇಲೆ ಬಂದವು ನೋಡಿ. ಮನೆಮನೆಗೆ ಹೋಗಿ ಗೋಡೆ ಗಡಿಯಾರಗಳ ಟೈಮು ಸರಿಮಾಡುವ ವ್ಯಾಪಾರ. ತಿಂಗಳಿಗೊಮ್ಮೆ ಕನ್ನಡಕ ತೊಳೆದುಕೊಡುವ ವ್ಯಾಪಾರ. ಮನೆಯವರು ಊರಿಗೆ ಹೋದಾಗ ಅವರ ಗಿಡಗಳ ಜೊತೆ ಮಾತಾಡುವ ವ್ಯಾಪಾರ. ಒಂದೊಂದು ಬಂದಾಗಲೂ ಭಾವನ ಕಣ್ಣು ಹೊಳೆಯುತ್ತಿತ್ತು, ಊಟ ಸೇರುತ್ತಿರಲಿಲ್ಲ, ‘ಯಾರಿಗೂ ಹೇಳ್ಬೇಡಿ’ ಎಂದು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದರು. ಅಕ್ಕ ಪ್ರತಿ ಸಲವೂ ‘ನೋಡೋಣ’ ಎನ್ನುತ್ತಿದ್ದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಗಂಡನಿಗೆ ಬೇಡ ಎಂದದ್ದನ್ನು ನಾನು ಕೇಳಿಲ್ಲ. ‘ನೋಡೋಣ’ ಎಂದರೆ ಸಾಕಿತ್ತು, ಸ್ವಲ್ಪ ದಿನ ಬಿಟ್ಟು ಐಡಿಯಾ ತಾನಾಗಿಯೇ ಸೋಫಾದ ಮೇಲೆ ಮಲಗಿ ನಿದ್ದೆ ಹೋಗುತ್ತಿತ್ತು.

ಇದೆಲ್ಲ ಕೇಳಿ ಭಾವ ಸೋಮಾರಿ ಎಂದುಕೊಳ್ಳಬೇಡಿ. ಅವರು ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್‌ಮನ್. ಅಂಗಡಿಗೆ ಕಾಲಿಟ್ಟವರ ಮುಖ ನೋಡುವುದಕ್ಕಿಂತ ಮುಂಚೆ ಕಾಲು ನೋಡುತ್ತಾರೆ. ಎಡಗಾಲು ಬಲಗಾಲಿಗಿಂತ ಒಂದು ಚೂರು ದೊಡ್ಡದು ಎಂಬುದನ್ನು ಆ ಕಾಲಿನ ಯಜಮಾನನಿಗಿಂತ ಮೊದಲು ಕಂಡುಹಿಡಿಯುತ್ತಾರೆ. ಅವರು ಕೊಟ್ಟ ಜೋಡು ವಾಪಸ್ ಬಂದದ್ದಿಲ್ಲ ಎಂದು ಅವರ ಮಾಲೀಕರೇ ನನ್ನೆದುರು ಹೇಳಿದ್ದರು. ಇಷ್ಟು ಹುಷಾರಾದ ಮನುಷ್ಯ ಅಂಗಡಿ ಬಾಗಿಲು ದಾಟಿದ ಕೂಡಲೇ ಹೀಗೇಕಾಗುತ್ತಾರೆ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಈ ಸಲ ಬಂದದ್ದು ಏಣಿ.

ಏಣಿ ಬಾಡಿಗೆಗೆ ಕೊಡುವುದು. ಅಷ್ಟೇ. ಇದೂ ಸೋಫಾದ ಮೇಲೆ ಮಲಗಿ ಸುಮ್ಮನಾಗುತ್ತಿತ್ತೇನೋ. ಆದರೆ ಅದೇ ಹೊತ್ತಿಗೆ ಅಕ್ಕ ಕೆಲಸ ಮಾಡುವ ಆಸ್ಪತ್ರೆಯಲ್ಲಿ ಒಂದು ಪ್ರಕಟಣೆ ಹಾಕಿದರು. ಹಳೆಯ ನೌಕರರು ಯಾರಾದರೂ ತಾವಾಗಿ ಕೆಲಸ ಬಿಡುವುದಾದರೆ ಒಂದು ಗಂಟು ಹಣ ಕೊಡುತ್ತೇವೆ, ತಿಂಗಳ ಕೊನೆಯೊಳಗೆ ಬರೆದುಕೊಡಿ ಎಂದು. ಅಕ್ಕ ಅಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನವಳು. ಮದುವೆಗೂ ಮುಂಚಿನಿಂದ ಅದೇ ಕೆಲಸ, ಅದೇ ಮೈಕ್ರೋಸ್ಕೋಪಿನ ಮುಂದಿನ ಅದೇ ಎತ್ತರದ ಸ್ಟೂಲು. ಆ ಸ್ಟೂಲಿನ ಮೇಲೆ ಕೂತಾಗ ಅವಳ ಮುಖ ನೋಡಬೇಕು. ಮನೆಯಲ್ಲಿ ಆ ಮುಖ ನಾನು ಕಂಡಿಲ್ಲ. ಅಂಥ ಕೆಲಸವನ್ನು ಬಿಡು, ಏಣಿ ವ್ಯಾಪಾರಕ್ಕೆ ನಂಬಿಕಸ್ಥರು ಬೇಕು, ನೀನೇ ಕೂತು ನೋಡಿಕೋ ಎಂದು ಭಾವ ಹಿಡಿದು ಕೂತರು. ಅಕ್ಕನ ‘ನೋಡೋಣ’ಕ್ಕೆ ಈಗ ಕೊನೆಯ ದಿನಾಂಕ ಬಂದುಬಿಟ್ಟಿತು.

ಅಕ್ಕ ಒಂದು ಉಪಾಯ ಮಾಡಿದಳು. ‘ನಮ್ಮ ತಂಗಿಯ ಆಫೀಸಿರೋದೇ ಇಂಥದಕ್ಕೆ. ಅಲ್ಲಿ ಹೋಗಿ ಕೇಳಿ. ಅವರು ಚೆನ್ನಾಗಿದೆ ಅಂದ್ರೆ ನಾನು ಬರೆದುಕೊಡ್ತೀನಿ’ ಎಂದಳಂತೆ.

ನನ್ನ ಆಫೀಸಿನ ಬಗ್ಗೆ ಹೇಳಬೇಕು. ಅದು ಸಣ್ಣ ವ್ಯಾಪಾರ ಶುರು ಮಾಡುವವರಿಗೆ ಬಿಟ್ಟಿ ಸಲಹೆ ಕೊಡುವ ಕೇಂದ್ರ. ಒಂದು ಔಷಧಿ ಅಂಗಡಿಯ ಮೇಲಿನ ಮಹಡಿ. ಕಿರಿದಾದ ಮೆಟ್ಟಿಲು, ಒಳಗೆ ಎರಡು ಮೇಜು, ಗೋಡೆಗೆ ಆನಿಸಿದ ಪ್ಲಾಸ್ಟಿಕ್ ಕುರ್ಚಿಗಳು, ನಿಯಮಗಳ ಒಂದು ಬೋರ್ಡು, ತಿರುಗಿದಾಗಲೆಲ್ಲ ಕೆಮ್ಮುವ ಒಂದು ಫ್ಯಾನು. ಒಂದು ಮೇಜು ನನ್ನದು. ಇನ್ನೊಂದು ನನ್ನ ಹಿರಿಯ ಸಹೋದ್ಯೋಗಿಯದು. ಅವರಿಗೆ ನಾವೆಲ್ಲ ಇಟ್ಟ ಹೆಸರು ಭೇಷ್ ಸಾರ್. ಯಾರು ಏನು ಹೇಳಿಕೊಂಡು ಬಂದರೂ ಅವರ ಬಾಯಿಂದ ಬರುವ ಮಾತು ಅದೊಂದೇ. ನನಗೂ ಒಂದು ಹೆಸರಿದೆ, ‘ಆದರೆ ಮೇಡಂ’ ಎಂದು. ಯಾಕೆಂದು ವಿವರಿಸಬೇಕಾಗಿಲ್ಲ.

ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ. ‘ಈ ಬಿಸಿನೆಸ್ ಹೇಗೆ?’ ಸೋಪಿನ ಬಿಸಿನೆಸ್ ಹೇಗೆ, ಮೀನಿನ ಬಿಸಿನೆಸ್ ಹೇಗೆ. ಹೇಗೆ ಅಂದರೆ ಏನು ಹೇಳಲಿ? ಸೋಪು ಮಾರಿ ಮಹಡಿ ಕಟ್ಟಿದವರಿದ್ದಾರೆ, ಸೋಪು ಮಾರಿ ಮನೆ ಕಳೆದುಕೊಂಡವರೂ ಇದ್ದಾರೆ. ಸೋಪಿನಲ್ಲಿ ವ್ಯತ್ಯಾಸ ಇರಲಿಲ್ಲ. ಅದನ್ನು ಯಾರು ಕೊಳ್ಳುತ್ತಾರೆ, ಈಗ ಯಾರ ಹತ್ತಿರ ಕೊಳ್ಳುತ್ತಿದ್ದಾರೆ, ಅಂಗಡಿ ಎಲ್ಲಿ, ಹಾಕುವ ದುಡ್ಡು ಯಾರದು, ವ್ಯತ್ಯಾಸ ಇದ್ದದ್ದು ಇಲ್ಲಿ. ಒಂದು ಬೀದಿಯಲ್ಲಿ ಓಡುವ ಅಂಗಡಿ ಪಕ್ಕದ ಬೀದಿಯಲ್ಲಿ ಬಾಗಿಲು ಹಾಕುತ್ತದೆ. ಈ ವಿಷಯ ಗೊತ್ತಿಲ್ಲದೆ ಚೆನ್ನಾಗಿದೆ ಎಂದರೂ ಸುಳ್ಳು, ಚೆನ್ನಾಗಿಲ್ಲ ಎಂದರೂ ಸುಳ್ಳು. ನಾನು ಪ್ರಶ್ನೆ ಕೇಳುತ್ತೇನೆ. ಜನಕ್ಕೆ ಪ್ರಶ್ನೆ ಬೇಕಿಲ್ಲ, ಬೆನ್ನು ತಟ್ಟುವ ಕೈ ಬೇಕು. ಆದ್ದರಿಂದ ನನ್ನ ಮೇಜಿನ ಮುಂದಿನ ಕುರ್ಚಿ ಖಾಲಿ, ಭೇಷ್ ಸಾರ್ ಮುಂದೆ ಜಾತ್ರೆ.

ಭಾವ ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಇಸ್ತ್ರಿ ಮಾಡಿದ ಶರ್ಟು, ಹೊಸ ಬೂಟು. ಅಂಗಡಿಯ ಬೂಟು ಅದು, ಸಂಜೆ ವಾಪಸ್ ಇಡಬೇಕು ಎಂದು ಕಿವಿಯಲ್ಲಿ ಹೇಳಿದರು. ನನ್ನ ಎದುರಿನ ಕುರ್ಚಿ ಎಳೆದುಕೊಂಡು ಕೂತು, ಸುತ್ತ ಒಮ್ಮೆ ನೋಡಿ, ಗುಟ್ಟಿನ ದನಿಯಲ್ಲಿ ಇಡೀ ಕೋಣೆಗೆ ಕೇಳುವಂತೆ ಹೇಳಿದರು.

“ಏಣಿ ಬಾಡಿಗೆಗೆ ಕೊಡೋದು. ಹೇಗಿದೆ ಹೇಳಮ್ಮಾ.”

“ಯಾರಿಗೆ ಕೊಡ್ತೀರಿ ಭಾವಾ?”

“ಹತ್ತೋರಿಗೆ.”

“ಹತ್ತೋರು ಅಂದ್ರೆ ಯಾರು? ಮನೆಯವರಾ, ಪೇಂಟರ್‌ಗಳಾ, ಕರೆಂಟ್ ಕೆಲಸದವರಾ?”

“ಎಲ್ರೂ. ಎತ್ತರ ಅನ್ನೋದು ಎಲ್ರಿಗೂ ಎತ್ತರಾನೇ ಅಲ್ವಾ?”

“ಪೇಂಟರ್ ಹತ್ರ, ಕರೆಂಟ್ ಕೆಲಸದವರ ಹತ್ರ ಅವರದೇ ಏಣಿ ಇರತ್ತೆ. ಉಳಿದಿದ್ದು ಮನೆಯವರು. ಅವರಿಗೆ ವರ್ಷಕ್ಕೆ ಎಷ್ಟು ಸಲ ಬೇಕಾಗತ್ತೆ?”

“ಬೇಕಾದಾಗೆಲ್ಲ.”

“ಎಲ್ಲಿ ಇಡ್ತೀರಿ ಇದನ್ನ? ಯಾವ ಏರಿಯಾ?”

“ಏಣಿ ಎಲ್ಲಿ ಬೇಕಾದ್ರೂ ಒರಗಿಸಬಹುದು.”

“ಗಿರಾಕಿ ಮನೆಗೆ ಹೇಗೆ ಹೋಗತ್ತೆ? ಬಸ್ಸಲ್ಲಿ ಹತ್ತಿಸೋಕಾಗಲ್ಲ. ಗಾಡಿ ಮಾಡಿ ಕಳಿಸಿದ್ರೆ ಏಣಿ ಬಾಡಿಗೆಗಿಂತ ಗಾಡಿ ಬಾಡಿಗೆ ಜಾಸ್ತಿ ಆಗತ್ತೆ. ಯಾರಾದ್ರೂ ಬಿದ್ದು ಕಾಲು ಮುರ್ಕೊಂಡ್ರೆ ಯಾರು ಜವಾಬ್ದಾರಿ? ವಾಪಸ್ ಕೊಡದೆ ಹೋದ್ರೆ?”

“ಬೀಳೋದರ ಬಗ್ಗೆ ಯಾಕೆ ಯೋಚಿಸ್ತೀಯಮ್ಮಾ? ಹತ್ತೋದರ ಬಗ್ಗೆ ಯೋಚಿಸು.”

ಪಕ್ಕದ ಮೇಜಿನಿಂದ ಭೇಷ್ ಸಾರ್ ತಲೆ ಎತ್ತಿ ಮೆಚ್ಚುಗೆಯಿಂದ ನೋಡಿದರು. ಕುರ್ಚಿಯಲ್ಲಿ ಕೂತಿರುವವರು ಭಾವ ಒಬ್ಬರೇ ಆಗಿದ್ದರೆ ನಕ್ಕುಬಿಡುತ್ತಿದ್ದೆ. ಅವರ ಹಿಂದೆ ನನಗೆ ಅಕ್ಕನ ಸ್ಟೂಲು ಕಾಣುತ್ತಿತ್ತು.

“ಬಂಡವಾಳ?” ಎಂದೆ.

ಭಾವ ಈ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡಲಿಲ್ಲ. ಬೂಟಿನ ತುದಿ ನೋಡಿಕೊಂಡರು.

ಬೇರೆ ದಾರಿಯಿಂದ ಬಂದು ನೋಡೋಣ ಎಂದುಕೊಂಡೆ. “ಭಾವಾ, ನಿಮ್ಮ ಅಂಗಡಿಗೆ ಒಬ್ರು ಬಂದು, ಒಂದು ಒಳ್ಳೆ ಜೋಡು ಕೊಡಿ ಅಂತಾರೆ. ನೀವೇನು ಮಾಡ್ತೀರಿ?”

ಭಾವನ ಬೆನ್ನು ನೆಟ್ಟಗಾಯಿತು. ಇದು ಅವರ ಸೀಮೆ. “ಯಾರಿಗೆ ಅಂತ ಕೇಳ್ತೀನಿ. ಗಂಡಸರಿಗೋ ಹೆಂಗಸರಿಗೋ ಮಕ್ಕಳಿಗೋ. ಎಷ್ಟನೇ ನಂಬರು. ನಂಬರು ಹೇಳಿದ್ರೂ ನಾನು ನಂಬಲ್ಲ, ಕಾಲು ಅಳೀತೀನಿ. ಎಲ್ಲಿಗೆ ಹಾಕ್ಕೊಂಡು ಹೋಗೋಕೆ, ಆಫೀಸಿಗಾ ವಾಕಿಂಗಿಗಾ. ಎಷ್ಟರೊಳಗೆ ಬೇಕು. ಇಷ್ಟು ಕೇಳ್ದೆ ನಾನು ಒಂದು ಡಬ್ಬಿ ಕೂಡ ಕೆಳಗಿಳಿಸಲ್ಲ.”

“ಏನೂ ಹೇಳಲ್ಲ, ಒಳ್ಳೇದೋ ಕೆಟ್ಟದ್ದೋ ಅಷ್ಟೇ ಹೇಳಿ ಅಂದ್ರೆ?”

“ಅಂಥೋರು ಬರ್ತಾರೆ. ತಲೆ ಕೆಟ್ಟೋರು,” ಎಂದರು ಭಾವ, ಸಹೋದ್ಯೋಗಿಯ ಹತ್ತಿರ ಕಷ್ಟ ಹೇಳಿಕೊಳ್ಳುವಂತೆ.

ಫ್ಯಾನು ಎರಡು ಸಲ ಕೆಮ್ಮಿತು. ಈಗ ಹೊಳೆಯುತ್ತದೆ, ಈಗ ಹೊಳೆಯುತ್ತದೆ ಎಂದು ಕಾದೆ. ಭಾವ ಹುಬ್ಬು ಗಂಟಿಕ್ಕಿ ಯೋಚಿಸಿ ಹೇಳಿದರು.

“ಅದು ಚಪ್ಪಲಿ ಕಣಮ್ಮಾ. ಇದು ಐಡಿಯಾ.”

ಇನ್ನೇನು ಹೇಳುವುದು? ಆದರೂ ಹೇಳಿದೆ. ಇವತ್ತು ನಾಳೆ ನಾಲ್ಕು ಬೀದಿ ಸುತ್ತಿ ಬನ್ನಿ. ಏಣಿ ಬಾಡಿಗೆಗೆ ಕೊಟ್ಟರೆ ತಗೋತೀರಾ ಎಂದು ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ ಹೂಂ ಅಂತಾರೆ, ಹೂಂ ಅನ್ನೋಕೆ ಖರ್ಚಿಲ್ಲ. ಕೊನೆಯ ಸಲ ಏಣಿ ಬೇಕಾದಾಗ ಏನು ಮಾಡಿದ್ರಿ, ಎಲ್ಲಿಂದ ತಂದ್ರಿ, ಎಷ್ಟು ಕೊಟ್ರಿ ಅಂತ ಕೇಳಿ. ಅದು ನಡೆದ ಸಂಗತಿ. ಅದನ್ನು ತಂದರೆ ನಾನು ಹೇಳುತ್ತೇನೆ ನಿಮ್ಮ ಐಡಿಯಾ ಹೇಗಿದೆ ಎಂದು. ಅಲ್ಲಿಯವರೆಗೆ ನಾನು ಏನೂ ಹೇಳಲಾರೆ.

“ಅಂದ್ರೆ ಚೆನ್ನಾಗಿಲ್ಲ ಅಂತಾನಾ?”

“ಹಾಗಂತಾನೂ ಹೇಳಲಾರೆ.”

ಭಾವ ನಿಟ್ಟುಸಿರು ಬಿಟ್ಟು ಗೋಡೆಯ ಬೋರ್ಡಿನ ಕಡೆ ತಿರುಗಿದರು. ಓದುತ್ತಾ ಓದುತ್ತಾ ಅವರ ಮುಖ ಅರಳಿತು. ನಿಯಮಗಳ ಕೊನೆಯ ಸಾಲು ಅದು. ಸಲಹೆಗಾರರು ತಮ್ಮ ಬಂಧುಗಳಿಗೆ ಸಲಹೆ ನೀಡುವಂತಿಲ್ಲ. ಯಾರದೋ ಮಾವನ ಮಗನಿಗೆ ಯಾರೋ ಒಲವು ತೋರಿಸಿದ್ದರ ಮೇಲೆ ಬಂದ ನಿಯಮ. ಅದನ್ನು ಬೋರ್ಡಿಗೆ ಹಾಕಿಸಲೇಬೇಕು ಎಂದು ಹಟ ಹಿಡಿದು ಹಾಕಿಸಿದವಳು ನಾನೇ.

“ನಾನು ನಿನ್ನ ಬಂಧು ಅಲ್ವಾ?” ಎಂದರು ಭಾವ ಮೃದುವಾಗಿ.

ಅವರು ಎದ್ದು ಹೋಗಲೂ ಇಲ್ಲ. ಕೂತಲ್ಲಿಂದಲೇ ಕುರ್ಚಿಯನ್ನು ಕರಕರ ಎಳೆದುಕೊಂಡು ಭೇಷ್ ಸಾರ್ ಮೇಜಿಗೆ ಸರಿದರು. ಭೇಷ್ ಸಾರ್ ಕೇಳಿದ್ದು ಒಂದೇ ಪ್ರಶ್ನೆ, ಟೀ ಕುಡಿಯುತ್ತೀರಾ ಎಂದು. ಟೀ ಬಂತು. ಭಾವ ಏಣಿ ಎಂದರು. ಭೇಷ್ ಸಾರ್ ಕಣ್ಣು ಮುಚ್ಚಿ, ಏಣಿಯ ಕೊನೆಯ ಮೆಟ್ಟಿಲವರೆಗೆ ಹತ್ತಿ ನೋಡಿ ಬಂದವರಂತೆ ಕಣ್ಣು ತೆರೆದು, “ಭೇಷ್” ಎಂದರು. “ಸರಳವಾಗಿದೆ. ಎತ್ತರದ ಯೋಚನೆ. ಶುರು ಮಾಡಿ.” ಕೈ ಕುಲುಕಿದರು. ಭಾವ ಮೆಟ್ಟಿಲಿಳಿದು ಹೋದ ಸದ್ದು ಬಹಳ ಹೊತ್ತು ಕೇಳಿತು, ಅಂಗಡಿಯ ಬೂಟು ಕುಣಿಯುತ್ತಿತ್ತು.

ನಾನು ಭೇಷ್ ಸಾರ್ ಮುಂದೆ ಹೋಗಿ ನಿಂತೆ. “ಸಾರ್, ಏನು ನೋಡಿ ಭೇಷ್ ಅಂದ್ರಿ? ಯಾರಿಗೆ ಅಂತಿಲ್ಲ, ಎಲ್ಲಿ ಅಂತಿಲ್ಲ, ಯಾವ ದುಡ್ಡಲ್ಲಿ ಅಂತಿಲ್ಲ.”

“ಅದಕ್ಕೇ ಮೇಡಂ,” ಎಂದರು ಅವರು ಕಪ್ಪು ಕೆಳಗಿಡುತ್ತಾ. “ಅವರು ಏನೂ ಹೇಳಲೇ ಇಲ್ಲ. ಹೇಳದೆ ಇರೋದರಲ್ಲಿ ನಾನು ತಪ್ಪು ಹೇಗೆ ಹುಡುಕಲಿ? ನೀವು ಪ್ರಶ್ನೆ ಕೇಳ್ತೀರಿ, ಜನ ಮಧ್ಯಾಹ್ನದ ತನಕ ಕೂತು ಅಳ್ತಾರೆ. ನಾನು ಭೇಷ್ ಅಂತೀನಿ, ಸಂತೋಷವಾಗಿ ಮನೆಗೆ ಹೋಗ್ತಾರೆ. ಮತ್ತೆ ಯಾರೂ ವಾಪಸ್ ಬಂದು ಜಗಳ ಆಡಿಲ್ಲ.”

“ವಾಪಸ್ ಬರೋಕೆ ಅವರ ಹತ್ರ ಬಸ್ಸಿನ ಚಾರ್ಜ್ ಉಳಿದಿದ್ರೆ ತಾನೆ. ನಿಮ್ಮ ಮಾತು ನಂಬಿ ನಮ್ಮಕ್ಕ ಆಸ್ಪತ್ರೆ ಕೆಲಸ ಬಿಡ್ತಾಳೆ ಸಾರ್.”

ಭೇಷ್ ಸಾರ್ ಮೊದಲ ಬಾರಿ ಗಾಬರಿಯಾದರು. “ಅಯ್ಯೋ, ನನ್ನ ಮಾತು ಕೇಳ್ಕೊಂಡು ಯಾರಾದ್ರೂ ಕೆಲಸ ಬಿಡ್ತಾರಾ?”

ಆ ಮನುಷ್ಯ ತನ್ನ ಇಡೀ ವೃತ್ತಿಜೀವನದಲ್ಲಿ ಕೊಟ್ಟ ಒಂದೇ ಸರಿಯಾದ ಸಲಹೆ ಅದು. ಕೇಳಬೇಕಾದವರು ಮೆಟ್ಟಿಲಿಳಿದು ಹೋಗಿದ್ದರು.

ಭಾನುವಾರ ಸಂಜೆ ನಾನು ಅಕ್ಕನ ಮನೆಗೆ ಹೋದೆ. ಮಾರನೆಯ ದಿನ ಸೋಮವಾರ, ಆಸ್ಪತ್ರೆಯಲ್ಲಿ ಬರೆದುಕೊಡಲು ಕೊನೆಯ ದಿನ. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟರೆ ನಡುಮನೆಯಲ್ಲಿ ಸಾಕ್ಷಾತ್ ಏಣಿ. ಮರದ್ದು, ಮೈಯೆಲ್ಲ ಬಿಳಿ, ಹಸಿರು, ನೀಲಿ ಬಣ್ಣದ ಹನಿ. ಅದರ ಮೇಲೆ ಭಾವ ನಿಂತಿದ್ದರು, ಕೈಯಲ್ಲಿ ಬಲ್ಬು. ನಡುಮನೆಯ ಬಲ್ಬು ಸುಟ್ಟು ಎಷ್ಟೋ ದಿನವಾಗಿತ್ತು. ಮೂಲೆಯ ಟೇಬಲ್ ಲ್ಯಾಂಪಿನ ಬೆಳಕಿನಲ್ಲೇ ಸಂಸಾರ ನಡೆಯುತ್ತಿತ್ತು. ಇವತ್ತು ಭಾವನಿಗೆ ಹುರುಪು ಬಂದಿದೆ, ಹೊಸ ವ್ಯಾಪಾರಕ್ಕೆ ಹೊಸ ಬೆಳಕು.

“ಬಾಮ್ಮಾ ಬಾ,” ಎಂದರು ಮೇಲಿನಿಂದಲೇ. “ನಿಮ್ಮ ಆಫೀಸಿನ ದೊಡ್ಡವರು ಭೇಷ್ ಅಂದ್ರು, ನೋಡಿದೆಯಲ್ಲ. ನೀನು ಚಿಕ್ಕವಳು, ಕಲೀತೀಯ ಬಿಡು.”

ಅಕ್ಕ ಸೋಫಾದ ತುದಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಬಿಳಿ ಹಾಳೆ, ಪೆನ್ನು. ಹಾಳೆಯ ಮೇಲೆ ಇನ್ನೂ ಏನೂ ಇರಲಿಲ್ಲ. ನನ್ನನ್ನು ನೋಡಿದ ನೋಟದಲ್ಲಿ ಕೋಪವಿತ್ತು. ನನಗೆ ಅರ್ಥವಾಗಲಿಲ್ಲ. ಬೈಯಬೇಕಾದ್ದು ಏಣಿಯ ಮೇಲಿರುವವರನ್ನು, ನನ್ನನ್ನೇಕೆ ಸುಡುವ ಹಾಗೆ ನೋಡುತ್ತಾಳೆ?

“ಅಕ್ಕಾ, ಅವರು ಭೇಷ್ ಅಂದಿದ್ದಕ್ಕೆ ಅರ್ಥವೇ ಇಲ್ಲ ಕಣೇ,” ಎಂದೆ. “ಏನೂ ಕೇಳದೆ ಅಂದಿದ್ದು. ಯಾರು ಬಂದ್ರೂ ಅವರು ಅದನ್ನೇ ಅನ್ನೋದು.”

“ಏನೂ ಕೇಳಲಿಲ್ವಾ?” ಎಂದಳು ಅಕ್ಕ. “ಸ್ಯಾಂಪಲ್ ತಗೊಳ್ಳದೆ ರಿಪೋರ್ಟ್ ಕೊಟ್ರಾ? ನಮ್ಮ ಲ್ಯಾಬಲ್ಲಿ ಹಾಗೆ ಮಾಡಿದ್ರೆ ಅವತ್ತೇ ಮನೆಗೆ ಕಳಿಸ್ತಾರೆ.”

“ದೊಡ್ಡವರಿಗೆ ಅನುಭವ ಇರತ್ತೆ,” ಎಂದರು ಭಾವ. “ಒಂದು ಅಗುಳು ಮುಟ್ಟಿ ನೋಡಿದ್ರೆ ಸಾಕು ಅವರಿಗೆ.”

“ಅಗುಳೂ ಇರ್ಲಿಲ್ಲ ಭಾವಾ, ಪಾತ್ರೆನೇ ಖಾಲಿ.”

ಬಲ್ಬು ಹೊತ್ತಿತು. ಮೂವರೂ ಕಣ್ಣು ಕಿರಿದು ಮಾಡಿಕೊಂಡೆವು. ಇಷ್ಟು ದಿನ ಕತ್ತಲಲ್ಲಿದ್ದ ಮೂಲೆಯ ಜೇಡರ ಬಲೆ, ಸೋಫಾದ ಹರಿದ ಹೊಲಿಗೆ, ಅಕ್ಕನ ಕಣ್ಣ ಕೆಳಗಿನ ಕಪ್ಪು, ಎಲ್ಲ ಒಟ್ಟಿಗೆ ಕಂಡವು. ಭಾವ ಕೆಳಗಿಳಿದು ಏಣಿಯ ಬೆನ್ನು ತಟ್ಟಿದರು.

ಅಕ್ಕ ಆ ಏಣಿಯನ್ನೇ ನೋಡುತ್ತಿದ್ದಳು. “ರೀ, ಇದು ಎಲ್ಲಿಂದ ತಂದ್ರಿ?”

“ಪಕ್ಕದ ಮನೆಯಿಂದ. ಪೇಂಟರ್ ಇದ್ದಾರಲ್ಲ, ಅವರದು.”

“ಎಷ್ಟು ಕೊಟ್ರಿ?”

“ಏನು ಎಷ್ಟು?”

“ಬಾಡಿಗೆ.”

ಭಾವ ಅವಳನ್ನು ಪೆದ್ದಿ ಎಂಬಂತೆ ನೋಡಿದರು. “ಏಣಿಗೆ ಯಾರಾದ್ರೂ ದುಡ್ಡು ಕೊಡ್ತಾರೇನೇ?”

ನಾನು ಬಾಯಿ ಬಿಗಿಹಿಡಿದುಕೊಂಡೆ. ನಕ್ಕರೆ ಕೆಲಸ ಕೆಡುತ್ತಿತ್ತು. ಅಕ್ಕ ನಗಲಿಲ್ಲ. ಲ್ಯಾಬಿನಲ್ಲಿ ಗಾಜಿನ ಪಟ್ಟಿಯನ್ನು ಮೈಕ್ರೋಸ್ಕೋಪಿನ ಕೆಳಗೆ ಇಡುವಷ್ಟೇ ನಿಧಾನವಾಗಿ ಮುಂದಿನ ಮಾತು ಇಟ್ಟಳು.

“ಮತ್ತೆ ನಮಗೆ ಯಾರು ಕೊಡ್ತಾರೆ?”

ಭಾವನಿಗೆ ತಾವೇನು ಹೇಳಿದೆವೆಂದು ಈಗ ಕೇಳಿಸಿತು. “ಅದು ಬೇರೆ,” ಎಂದರು. “ಇವರು ಪಕ್ಕದ ಮನೆಯವರು. ಗಿರಾಕಿ ವಿಷಯ ಬೇರೆ.”

“ಗಿರಾಕಿಗೆ ಪಕ್ಕದ ಮನೆ ಇರಲ್ವಾ?”

ಭಾವ ಏಣಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಸೋತವರು ಕೂರುತ್ತಾರೆ, ಭಾವ ಕೂರುವವರಲ್ಲ. ಕಾಲರು ಸರಿಮಾಡಿಕೊಂಡರು. “ಇದೆಲ್ಲ ಆಮೇಲೆ ನೋಡ್ಕೊಳ್ಳೋಣ. ಶುರು ಮಾಡಿದ್ರೆ ದಾರಿ ಗೊತ್ತಾಗತ್ತೆ. ನೀನು ಮಾತು ಕೊಟ್ಟಿದ್ದೆ, ಆಫೀಸಲ್ಲಿ ಚೆನ್ನಾಗಿದೆ ಅಂದ್ರೆ ಬರೆದುಕೊಡ್ತೀನಿ ಅಂತ. ಅಂದಿದ್ದಾರೆ. ಈಗ ಮಾತು ತಪ್ಪಿದ್ರೆ ಹೇಗೆ?”

ಮನುಷ್ಯ ಎಲ್ಲಿ ಹಿಡಿದರು ನೋಡಿ. ನನಗೆ ಸಿಟ್ಟು ನೆತ್ತಿಗೇರಿತು. “ಭಾವಾ, ಅಷ್ಟು ಚೆನ್ನಾಗಿರೋ ಐಡಿಯಾ ಆದ್ರೆ ನೀವೇ ಅಂಗಡಿ ಕೆಲಸ ಬಿಟ್ಟು ಏಣಿ ಹಿಡ್ಕೊಂಡು ಕೂತ್ಕೋಬಹುದಲ್ಲ?”

“ನಾನು ಬಿಟ್ರೆ ಮನೆ ನಡೆಯೋದು ಹೇಗಮ್ಮಾ?”

ಮಾತು ತುಂಬ ಸಹಜವಾಗಿ ಬಂದಿತ್ತು. ಅದರಲ್ಲಿ ಕಪಟವಿರಲಿಲ್ಲ, ಘೋರವಾದದ್ದು ಅದೇ. ನಿನ್ನೆ ನನ್ನ ಮೇಜಿನ ಮುಂದೆ ಅವರು ಬೂಟಿನ ತುದಿ ನೋಡಿಕೊಂಡದ್ದು ಯಾಕೆಂದು ಈಗ ತಿಳಿಯಿತು. ಬಂಡವಾಳ ಎಲ್ಲಿಂದ ಎಂಬುದಕ್ಕೆ ಅವರ ಹತ್ತಿರ ಉತ್ತರ ಮೊದಲಿನಿಂದ ಇತ್ತು. ಅಕ್ಕನ ಗಂಟು. ಜಾಗ ಎಲ್ಲಿ ಎಂದರೆ ಅಕ್ಕನ ಜಗಲಿ. ದಿನವಿಡೀ ಕೂತು ನೋಡಿಕೊಳ್ಳುವವರು ಯಾರು ಎಂದರೆ ಅಕ್ಕ. ಏಣಿ ವಾಪಸ್ ಬರದಿದ್ದರೆ ಬೀದಿ ಬೀದಿ ಅಲೆದು ಕೇಳುವವಳೂ ಅವಳೇ. ಈ ವ್ಯಾಪಾರದಲ್ಲಿ ಭಾವನ ಪಾಲಿಗೆ ಇದ್ದದ್ದು ಐಡಿಯಾ ಒಂದೇ.

ಅಕ್ಕ ಬಿಳಿ ಹಾಳೆಯನ್ನು ಎತ್ತಿಕೊಂಡು ಎರಡಾಗಿ ಮಡಚಿದಳು. ಆಮೇಲೆ ನಾಲ್ಕಾಗಿ.

“ನಾನು ಕೆಲಸ ಬಿಡಲ್ಲ,” ಎಂದಳು.

ಭಾವ ಕಾದರು. ಈ ಮನೆಯಲ್ಲಿ ಇಂಥ ಮಾತಿನ ಹಿಂದೆ ಯಾವಾಗಲೂ ಒಂದು ‘ನೋಡೋಣ’ ಬರುತ್ತದೆ. ಅದಕ್ಕಾಗಿ ಕಾದರು. ಬರಲಿಲ್ಲ.

“ಮತ್ತೆ ಆಫೀಸಿನವರು ಅಂದಿದ್ದು?” ಎಂದರು ಸಣ್ಣ ದನಿಯಲ್ಲಿ.

“ಅವರು ಭೇಷ್ ಅಂದ್ರಲ್ಲ, ಅವರ ಹೆಂಡತಿ ಕೆಲಸದಲ್ಲಿದ್ರೆ ಬಿಡಿಸಿ. ನಾನು ಬಿಡಲ್ಲ. ನನಗಿಷ್ಟ ಇಲ್ಲ.” ಮಡಚಿದ ಹಾಳೆಯನ್ನು ಪೆನ್ನಿನ ಜೊತೆ ಪಕ್ಕಕ್ಕಿಟ್ಟಳು. “ನನಗೆ ಆ ಕೆಲಸ ಇಷ್ಟ. ಏಣಿ ಇಷ್ಟ ಇಲ್ಲ. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಈಗ ಹೇಳ್ತಿದ್ದೀನಿ. ಆ ಏಣಿ ವಾಪಸ್ ಕೊಟ್ಟು ಬನ್ನಿ, ಪೇಂಟರ್‌ಗೆ ಬೆಳಿಗ್ಗೆ ಕೆಲಸ ಇರತ್ತೆ.”

ಭಾವ ಏಣಿಯನ್ನು ಹೆಗಲಿಗೇರಿಸಿಕೊಂಡು ಹೊರಟರು. ಬಾಗಿಲಲ್ಲಿ ಅದು ಅಡ್ಡ ಸಿಕ್ಕಿಕೊಂಡಿತು. ಒಮ್ಮೆ ಹಿಂದೆ ಬಂದು, ಓರೆ ಮಾಡಿ, ಮತ್ತೆ ಹೊರಟರು.

ನಾನು ಅಕ್ಕನ ಹಿಂದೆ ಅಡುಗೆಮನೆಗೆ ಹೋದೆ. ಅವಳು ಸಿಂಕಿನ ನಲ್ಲಿ ತಿರುಗಿಸಿ ಸುಮ್ಮನೆ ನೀರು ಬಿಟ್ಟುಕೊಂಡು ನಿಂತಿದ್ದಳು. ಬೆನ್ನು ತಟ್ಟೋಣ ಎಂದು ಕೈ ಚಾಚಿದೆ. ಅವಳು ತಿರುಗಿ ನನ್ನ ಕೈಯನ್ನು ದೂಡಿದಳು.

“ನಿನ್ನ ಹತ್ರ ಯಾಕೆ ಕಳಿಸಿದ್ದೆ ಗೊತ್ತೇನೇ?” ಎಂದಳು. “ಊರೆಲ್ಲಾ ನಿನ್ನನ್ನ ‘ಆದರೆ ಮೇಡಂ’ ಅನ್ನತ್ತೆ. ಯಾರಿಗೂ ಒಂದು ಒಳ್ಳೆ ಮಾತು ಹೇಳಲ್ಲ ನೀನು. ನನ್ನ ಗಂಡಂಗೂ ಹೇಳಲ್ಲ ಅಂತ ಕಳಿಸಿದ್ದೆ. ನಿನ್ನ ಬಾಯಲ್ಲಿ ಒಂದು ಬೇಡ ಅನ್ಸಿಬಿಡೋಣ, ನಾನು ಒಳ್ಳೆಯವಳಾಗೇ ಇರೋಣ ಅಂತ. ಹೇಳಲಾರೆ, ಹೇಳಲಾರೆ ಅಂತ ನಿಯಮ ನೋಡ್ಕೊಂಡು ಕೂತೆಯಂತೆ.”

“ವಿಷಯ ಗೊತ್ತಿಲ್ಲದೆ ಬೇಡ ಅನ್ನೋಕೂ ಆಗಲ್ಲ ಅಕ್ಕಾ.”

“ಹೌದೌದು, ನಿನಗಾಗಲ್ಲ. ಕೊನೆಗೆ ನಾನೇ ಅನ್ನಬೇಕಾಯ್ತು.”

ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಎರಡೂ ಇತ್ತು. ಆಗ ನನಗೆ ಅವಳ ಮೇಲೆ ಬಂದ ಪ್ರೀತಿಯನ್ನು ಹೇಗೆ ಹೇಳಲಿ? ಮೈಕ್ರೋಸ್ಕೋಪಿನ ಮುಂದಿನ ಆ ಮುಖವನ್ನು ನಾನು ಮೊದಲ ಸಲ ಈ ಮನೆಯೊಳಗೆ ಕಂಡೆ, ಮೂಗು ಕೆಂಪಾಗಿತ್ತು ಅಷ್ಟೇ.

ಹೊರಗೆ ಪಕ್ಕದ ಮನೆಯ ಪೇಂಟರನ ದನಿ ಕೇಳಿಸಿತು. “ಏನ್ ಸಾರ್, ನಿಮ್ಮ ಏಣಿ ಬಿಸಿನೆಸ್ ಯಾವಾಗ ಶುರು? ಇವತ್ತಿನ ಬಾಡಿಗೆ ಕೊಟ್ಟು ಹೋಗಿ ಮತ್ತೆ.” ಗುಟ್ಟು ಅವನವರೆಗೂ ಹೋಗಿತ್ತು. ಭಾವ ಏನೋ ತೊದಲಿದರು. ಪೇಂಟರು ದೊಡ್ಡದಾಗಿ ನಕ್ಕ.

ಭಾವ ಒಳಗೆ ಬಂದಾಗ ಇಂಗುತಿಂದ ಮಂಗನಂತಿದ್ದರು. ಹೊಸ ಬಲ್ಬಿನ ಕೆಳಗೆ ಬಂದು ನಿಂತರು. ನನಗೇ ಪಾಪ ಎನಿಸಿತು. ಆದರೆ ನಾನು ನೋಡುತ್ತಿದ್ದ ಹಾಗೆಯೇ ಅವರ ಕಣ್ಣು ನಿಧಾನವಾಗಿ ಹೊಳೆಯತೊಡಗಿತು. ಆ ಹೊಳಪು ನನಗೆ ಗೊತ್ತು. ಮದುವೆಯ ದಿನ ಕುರ್ಚಿಗಳ ಹಿಂದೆ ನೋಡಿದ್ದೆ.

“ಅಲ್ಲಾ,” ಎಂದರು, “ಈಗ ಪೇಂಟರ್ ಹೇಳಿದ್ರಿಂದ ಒಂದು ಯೋಚನೆ ಬಂತು. ಏಣಿ ಬೇಡ. ಏಣಿ ಹಿಡ್ಕೊಳ್ಳೋಕೆ ಕೆಳಗೆ ಒಬ್ಬರು ಬೇಕಲ್ಲ...”

“ಯಾರ ದುಡ್ಡಲ್ಲಿ?” ಎಂದಳು ಅಕ್ಕ.

ಭಾವ ಅಕ್ಕನ ಮುಖ ನೋಡಿದರು. ಸೋಫಾದ ಮೇಲೆ ಕೂತರು.

ಅಕ್ಕ ಬಿಳಿ ಕೋಟನ್ನು ಮೇಜಿನ ಮೇಲೆ ಹರಡಿ ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ಹಾಕಿದಳು. ಮಾರನೆಯ ದಿನ ಅವಳದು ಬೆಳಗಿನ ಪಾಳಿ.